ಬರಿ ಬಾಣಲೆಯಲ್ಲಿ ಸಕ್ಕರೆ: ಕ್ಯಾರಮೆಲ್ ಕಹಿಯಾಗದಂತೆ ಹದ ಹಿಡಿಯುವುದು ಹೇಗೆ?

ಕಳೆದ ವಾರ ತಂಗಿ ಫೋನ್ ಮಾಡಿದ್ದಳು. ಮಗಳ ಹುಟ್ಟುಹಬ್ಬಕ್ಕೆ ಮೊದಲ ಸಲ ಕ್ಯಾರಮೆಲ್ ಪುಡ್ಡಿಂಗ್ ಮಾಡಿದ್ದಳಂತೆ. ಪುಡ್ಡಿಂಗ್ ಚೆನ್ನಾಗಿ ಬೆಂದಿತ್ತು. ತಟ್ಟೆಗೆ ಬೋರಲು ಹಾಕಿದಾಗ ಒಡೆಯದೆ ಬಂತು. ಬಾಯಿಗಿಟ್ಟರೆ ಮಾತ್ರ ಕಹಿ.

"ಅಕ್ಕಾ, ಹಾಲು ಕೆಟ್ಟಿತ್ತು ಅನಿಸುತ್ತೆ" ಅಂದಳು.

"ಕೆಳಗೆ ಹಾಕಿದ ಸಕ್ಕರೆ ಯಾವ ಬಣ್ಣಕ್ಕೆ ಬಂದಿತ್ತು?"

"ಅಚ್ಚಿನಲ್ಲಿ ನೋಡಿದ್ರೆ ಕರ್ರಗಿತ್ತು. ಆದ್ರೆ ಬಾಣಲೆಯಲ್ಲಿ ಇದ್ದಾಗ ಸರಿಯಾಗೇ ಇತ್ತು."

ಅವಳ ಆ ಕೊನೆಯ ಮಾತಿನಲ್ಲೇ ಉತ್ತರ ಇದೆ. ಬಾಣಲೆಯಲ್ಲಿ ಸರಿಯಾಗಿದ್ದ ಸಕ್ಕರೆ ಅಚ್ಚಿಗೆ ಹೋಗುವಷ್ಟರಲ್ಲಿ ಸೀದು ಹೋಗಿತ್ತು. ನೀರು ಹಾಕದೆ, ಬರಿ ಬಾಣಲೆಯಲ್ಲಿ ಸಕ್ಕರೆ ಕರಗಿಸಿ ಕಂದು ಮಾಡುವಾಗ ಹೀಗೆ ಆಗುವುದು ಬಹಳ ಸಾಮಾನ್ಯ. ಯಾಕೆ ಹೀಗಾಗುತ್ತದೆ, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮೊದಲಿನಿಂದ ನೋಡೋಣ.

ಪಾಕ ಬೇರೆ, ಕ್ಯಾರಮೆಲ್ ಬೇರೆ

ನಮ್ಮ ಅಡುಗೆಮನೆಗೆ ಸಕ್ಕರೆ ಪಾಕ ಹೊಸದಲ್ಲ. ಒಂದೆಳೆ ಪಾಕ, ಎರಡೆಳೆ ಪಾಕ ಅಂತ ಬೆರಳಲ್ಲೇ ಹದ ನೋಡುತ್ತೇವೆ. ಹಾಗಾಗಿ ಕ್ಯಾರಮೆಲ್ ಅಂದರೆ ಇನ್ನೂ ಗಟ್ಟಿ ಪಾಕ ಇರಬೇಕು ಅನಿಸುತ್ತದೆ. ಹಾಗಲ್ಲ.

ಪಾಕದಲ್ಲಿ ನಡೆಯುವುದು ನೀರಿನ ಕೆಲಸ. ಸಕ್ಕರೆ ನೀರಿನಲ್ಲಿ ಕರಗಿದೆ, ನೀರು ಆವಿಯಾಗುತ್ತಾ ಹೋಗುತ್ತದೆ, ಉಳಿದದ್ದು ದಪ್ಪವಾಗುತ್ತದೆ. ಎಳೆ ಪಾಕದ ಬಿಸಿ ಹೆಚ್ಚೆಂದರೆ 110 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಲ್ಲಿ ಸಕ್ಕರೆ ಸಕ್ಕರೆಯಾಗಿಯೇ ಇರುತ್ತದೆ. ಅದಕ್ಕೇ ಪಾಕ ಹೆಚ್ಚಾದರೆ ಮತ್ತೆ ಬೆಳ್ಳಗೆ ಹರಳುಗಟ್ಟುತ್ತದೆ.

ಕ್ಯಾರಮೆಲ್ ಆಗುವಾಗ ಸಕ್ಕರೆಯೇ ಮುರಿದು ಬೇರೆ ವಸ್ತುವಾಗುತ್ತದೆ. ಅದಕ್ಕೆ 160 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. ಒಮ್ಮೆ ಕಂದಾದ ಮೇಲೆ ಅದನ್ನು ಮತ್ತೆ ಬಿಳಿ ಸಕ್ಕರೆ ಮಾಡಲು ಆಗುವುದಿಲ್ಲ. ಕಾಫಿ ಬೀಜ ಹುರಿದ ಹಾಗೆ ಅಂದುಕೊಳ್ಳಿ. ಹಸಿ ಬೀಜಕ್ಕೆ ಕಾಫಿಯ ಘಮ ಇರುವುದಿಲ್ಲ, ಹುರಿದಾಗಲೇ ಅದು ಹುಟ್ಟುವುದು. ಸ್ವಲ್ಪ ಹುರಿದರೆ ಒಂದು ರುಚಿ, ಚೆನ್ನಾಗಿ ಹುರಿದರೆ ಇನ್ನೊಂದು, ಮಿತಿ ಮೀರಿದರೆ ಸೀದ ಕಹಿ. ಸಕ್ಕರೆಯ ದಾರಿಯೂ ಹೆಚ್ಚು ಕಡಿಮೆ ಅದೇ.

ನೀರು ಹಾಕಿಯೂ ಕ್ಯಾರಮೆಲ್ ಮಾಡಬಹುದು. ಆಗ ನೀರೆಲ್ಲ ಆರಿ, ಪಾಕದ ಎಲ್ಲ ಹದಗಳನ್ನು ದಾಟಿ, ಆಮೇಲೆ ಬಣ್ಣ ಬರುತ್ತದೆ. ನಿಧಾನ, ಆದರೆ ಎಲ್ಲ ಕಡೆ ಒಂದೇ ಸಮ. ಬರಿ ಬಾಣಲೆಯ ವಿಧಾನ ಬೇಗ ಮುಗಿಯುತ್ತದೆ, ಹರಳುಗಟ್ಟುವ ಭಯವೂ ಕಡಿಮೆ. ಅಲ್ಲಿನ ತೊಂದರೆ ಒಂದೇ, ಒಂದು ಕಡೆ ಸಕ್ಕರೆ ಇನ್ನೂ ಬೆಳ್ಳಗೆ ಇರುವಾಗಲೇ ಇನ್ನೊಂದು ಕಡೆ ಸೀಯಲು ಶುರುವಾಗುತ್ತದೆ.

ಬಣ್ಣ ಎಲ್ಲಿಂದ ಬಂತು, ಕಹಿ ಎಲ್ಲಿಂದ ಬಂತು

ನಾವು ಬಳಸುವ ಸಕ್ಕರೆಗೆ ರಸಾಯನಶಾಸ್ತ್ರದಲ್ಲಿ ಸುಕ್ರೋಸ್ ಅಂತ ಹೆಸರು. ಇದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಅನ್ನುವ ಎರಡು ಚಿಕ್ಕ ಸಕ್ಕರೆಗಳು ಕೈ ಹಿಡಿದು ನಿಂತ ಜೋಡಿ. ಬಿಸಿ ಹೆಚ್ಚಾದಾಗ ಆ ಕೈ ಬಿಡುತ್ತದೆ. ಆಮೇಲೆ ಅವುಗಳ ಒಳಗೇ ಇದ್ದ ನೀರಿನ ಅಂಶ ಹೊರಗೆ ಬರುತ್ತದೆ. ಬಾಣಲೆಗೆ ನಾವು ಒಂದು ಹನಿ ನೀರೂ ಹಾಕಿಲ್ಲ, ಆದರೂ ಕರಗಿದ ಸಕ್ಕರೆಯಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ ಅಲ್ವಾ? ಅದು ಸಕ್ಕರೆಯ ಒಳಗಿನಿಂದ ಬಂದ ನೀರು, ಆವಿಯಾಗಿ ಹೋಗುತ್ತಿದೆ.

ಹೀಗೆ ಮುರಿದ ಚೂರುಗಳಿಗೆ ಎರಡು ದಾರಿ. ಕೆಲವು ತೀರಾ ಚಿಕ್ಕವು, ಹಗುರವಾಗಿ ಗಾಳಿಗೆ ಸೇರುತ್ತವೆ. ನಮ್ಮ ಮೂಗಿಗೆ ಬರುವ ಪರಿಮಳ ಇವುಗಳದ್ದು. ಡೈಅಸಿಟೈಲ್ ಅನ್ನುವ ಒಂದು ವಸ್ತು ಬೆಣ್ಣೆಯ ವಾಸನೆ ಕೊಡುತ್ತದೆ. ಮಾಲ್ಟಾಲ್ ಅನ್ನುವುದು ಕಾಯಿಸಿದ ಬ್ರೆಡ್ಡಿನ ಘಮ ತರುತ್ತದೆ. ಉಳಿದ ಚೂರುಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡದಾಗುತ್ತವೆ. ಆ ದೊಡ್ಡ ಕಣಗಳದ್ದೇ ಕಂದು ಬಣ್ಣ.

ಬಣ್ಣ ಗಾಢವಾದಷ್ಟೂ ಸಿಹಿ ಸಕ್ಕರೆ ಕಡಿಮೆಯಾಗುತ್ತಾ, ಹುಳಿ ಮತ್ತು ಕಹಿ ಜಾಸ್ತಿಯಾಗುತ್ತಾ ಹೋಗುತ್ತದೆ. ಸ್ವಲ್ಪ ಕಹಿ ಇದ್ದರೇ ಅದು ಕ್ಯಾರಮೆಲ್. ಆ ಕಹಿ ಇಲ್ಲದಿದ್ದರೆ ಪುಡ್ಡಿಂಗಿನ ಮೇಲಿನ ರಸ ಸುಮ್ನೆ ಸಕ್ಕರೆ ನೀರಿನಂತೆ ಇರುತ್ತದೆ. ಆದರೆ ಒಂದು ಹಂತ ದಾಟಿದ ಮೇಲೆ ಪರಿಮಳದ ವಸ್ತುಗಳೆಲ್ಲ ಹಾರಿಹೋಗಿ, ಕಹಿ ಮತ್ತು ಇದ್ದಿಲು ಮಾತ್ರ ಉಳಿಯುತ್ತದೆ.

ಇನ್ನೊಂದು ವಿಷಯ ಗೊತ್ತಿದ್ದರೆ ಕೊನೆಯ ಗಡಿಬಿಡಿ ಅರ್ಥವಾಗುತ್ತದೆ. ಫ್ರಕ್ಟೋಸ್‌ಗೆ ಕಂದಾಗಲು ಸುಕ್ರೋಸ್‌ನಷ್ಟು ಬಿಸಿ ಬೇಕಿಲ್ಲ. ಜೋಡಿ ಒಡೆದು ಫ್ರಕ್ಟೋಸ್ ಹೊರಬಂತು ಅಂದರೆ ಮುಂದಿನ ಕೆಲಸ ಚುರುಕಾಗುತ್ತದೆ. ಅದರ ಜೊತೆಗೆ, ಅಲ್ಲಿಯವರೆಗೆ ಹರಳು ಕರಗಿಸಲು ಖರ್ಚಾಗುತ್ತಿದ್ದ ಬಿಸಿ ಈಗ ಪೂರ್ತಿಯಾಗಿ ಬಿಸಿ ಏರಿಸಲು ಸಿಗುತ್ತದೆ. ಅದಕ್ಕೇ ಮೊದಲ ಐದು ನಿಮಿಷ ಏನೂ ಆಗದಂತೆ ಕಾಣುವ ಬಾಣಲೆ, ಕೊನೆಯ ಅರ್ಧ ನಿಮಿಷದಲ್ಲಿ ಕೈ ಮೀರಿ ಓಡುತ್ತದೆ.

ಒಣಹುಲ್ಲಿನಿಂದ ಹುಣಸೆ ಬೀಜದವರೆಗೆ

ಅಳತೆಗೆ ಥರ್ಮಾಮೀಟರ್ ಇದ್ದರೆ ಒಳ್ಳೆಯದಲ್ವಾ ಅಂತ ಕೇಳಬಹುದು. ದೊಡ್ಡ ಪಾತ್ರೆಯಲ್ಲಿ ಅರ್ಧ ಕಿಲೋ ಮಾಡುವವರಿಗೆ ಅದು ಸರಿ. ಮನೆಯಲ್ಲಿ 100 ಗ್ರಾಂ ಸಕ್ಕರೆ ಕರಗಿದರೆ ಬಾಣಲೆಯ ತಳದಲ್ಲಿ ತೆಳ್ಳಗೆ ಹರಡಿಕೊಂಡಿರುತ್ತದೆ, ಥರ್ಮಾಮೀಟರಿನ ತುದಿ ಅದರಲ್ಲಿ ಮುಳುಗುವುದೇ ಇಲ್ಲ. ಹಾಗಾಗಿ ಕಣ್ಣು ಮತ್ತು ಮೂಗನ್ನೇ ನಂಬಬೇಕು. ಮುಂದೆ ಕೊಟ್ಟ ಡಿಗ್ರಿಗಳು ಅಂದಾಜಿನವು. ಅವಸರದಲ್ಲಿ ಕಾಯಿಸಿದರೆ ಇದೇ ಬಣ್ಣ ಸ್ವಲ್ಪ ಹೆಚ್ಚಿನ ಬಿಸಿಯಲ್ಲಿ ಬರುತ್ತದೆ, ನಿಧಾನಕ್ಕೆ ಕಾಯಿಸಿದರೆ ಕಡಿಮೆ ಬಿಸಿಯಲ್ಲಿ ಬರುತ್ತದೆ.

165 ಡಿಗ್ರಿ ಆಸುಪಾಸಿನಲ್ಲಿ ಕರಗಿದ ಸಕ್ಕರೆಗೆ ಒಣಹುಲ್ಲಿನ ಬಣ್ಣ. ವಾಸನೆ ಬಹುತೇಕ ಇಲ್ಲ, ರುಚಿ ಬರೀ ಸಿಹಿ. 170 ದಾಟಿದರೆ ಜೇನಿನ ಬಣ್ಣ, ಬೆಣ್ಣೆಯ ಘಮ ಬರಲು ಶುರು. ಚಿಕ್ಕಿಯಂಥದ್ದಕ್ಕೆ, ಬೀಜಗಳ ಮೇಲೆ ಹೊದಿಸುವುದಕ್ಕೆ ಇಷ್ಟು ಸಾಕು.

175ರಿಂದ 180ರ ನಡುವೆ ಬರುವುದು ಹುಣಸೆಹಣ್ಣು ಹಾಕಿ ಈಗಷ್ಟೇ ಉಜ್ಜಿದ ತಾಮ್ರದ ಚೊಂಬಿನ ಬಣ್ಣ. ಸಿಹಿ, ಪರಿಮಳ, ಚೂರೇ ಚೂರು ಕಹಿ, ಮೂರೂ ಒಟ್ಟಿಗೆ ಸಿಗುವ ಜಾಗ ಇದು. ಸಾಸ್‌ಗೆ ಇದೇ ಹದ.

185ರ ಹತ್ತಿರ ಹುಣಸೆ ಬೀಜದ ಬಣ್ಣ, ಕೆಂಪು ಬೆರೆತ ಗಾಢ ಕಂದು. ಮೂಗಿಗೆ ಕಾಫಿ ಹುರಿದ ನೆನಪು ಬರುತ್ತದೆ. ನೊರೆಯಂಥ ಸಣ್ಣ ಗುಳ್ಳೆಗಳು ಅಂಚಿನಲ್ಲಿ ಕಾಣುತ್ತವೆ, ತೆಳ್ಳಗೆ ಒಂದೆಳೆ ಹೊಗೆ ಏಳಲು ಶುರುವಾಗುತ್ತದೆ. ಪುಡ್ಡಿಂಗಿಗೆ ತಾಮ್ರಕ್ಕೂ ಹುಣಸೆ ಬೀಜಕ್ಕೂ ನಡುವೆ ನಿಲ್ಲಿಸಬೇಕು ಅಂತ ನನ್ನ ಅಭಿಪ್ರಾಯ. ಮೊಟ್ಟೆ, ಹಾಲು, ಸಕ್ಕರೆ ಸೇರಿದ ಕಸ್ಟರ್ಡ್ ಮೊದಲೇ ಸಿಹಿ. ಅದರ ಜೊತೆ ಜೇನು ಬಣ್ಣದ ಕ್ಯಾರಮೆಲ್ ಹಾಕಿದರೆ ಸಿಹಿಯ ಮೇಲೆ ಸಿಹಿ ಆಗುತ್ತದೆ ಅಷ್ಟೆ.

190 ದಾಟಿದರೆ ಡಿಕಾಕ್ಷನ್ ಬಣ್ಣ. ಇಲ್ಲಿಂದ ಮುಂದೆ ಹೊಗೆ ನೀಲಿ ಛಾಯೆಯಲ್ಲಿ ದಟ್ಟವಾಗುತ್ತದೆ, ಮೂಗಿನಲ್ಲಿ ಚುರುಕು, ಕಣ್ಣಿನಲ್ಲಿ ಉರಿ. ಘಮ ಅನ್ನುವುದು ಘಾಟು ಆಗಿ ಬದಲಾದ ಕ್ಷಣವೇ ಸೀಯಲು ಶುರುವಾಯಿತು ಅಂತ ಲೆಕ್ಕ. 200 ದಾಟಿದ ಮೇಲೆ ಕರಿ, ಇದ್ದಿಲಿನ ದಾರಿ.

ಬಣ್ಣ ನೋಡುವುದರಲ್ಲಿ ಒಂದು ಮೋಸ ಇದೆ. ಸ್ಟೀಲ್ ಲೋಟದಲ್ಲಿರುವ ಡಿಕಾಕ್ಷನ್ ಕಪ್ಪಗೆ ಕಾಣುತ್ತದೆ, ಅದೇ ಹನಿ ಬಿಳಿ ತಟ್ಟೆಯ ಮೇಲೆ ಬಿದ್ದರೆ ಕೆಂಪಗೆ ಕಾಣುತ್ತದೆ. ಕ್ಯಾರಮೆಲ್ಲೂ ಹಾಗೇ. ಬಾಣಲೆ ಕಬ್ಬಿಣದ್ದೋ ಕರಿ ನಾನ್‌ಸ್ಟಿಕ್ಕೋ ಆದರೆ ಬಣ್ಣವೇ ತಿಳಿಯುವುದಿಲ್ಲ. ಒಲೆಯ ಪಕ್ಕ ಒಂದು ಬಿಳಿ ಪಿಂಗಾಣಿ ತಟ್ಟೆ ಇಟ್ಟುಕೊಳ್ಳಿ. ಚಮಚದ ತುದಿಯಿಂದ ಒಂದು ಹನಿ ಅದರ ಮೇಲೆ ಬಿಡಿ. ಆ ಹನಿಯ ಬಣ್ಣವೇ ನಿಜವಾದ ಬಣ್ಣ. ಪೂರ್ತಿ ತಣ್ಣಗಾಗಿ ಗಾಜಿನಂತೆ ಆದ ಮೇಲೆ ಅದನ್ನೇ ಬಾಯಿಗೆ ಹಾಕಿ ರುಚಿಯನ್ನೂ ನೋಡಬಹುದು. ಬಿಸಿ ಇರುವಾಗ ಮಾತ್ರ ಖಂಡಿತ ಬೇಡ.

ಬಾಣಲೆ, ಉರಿ ಮತ್ತು ಆ ಕಂದು ಉಂಗುರ

ತೆಳು ತಳದ ಪಾತ್ರೆಯಲ್ಲಿ ಸಕ್ಕರೆ ಹರಡಿ ಗ್ಯಾಸ್ ಮೇಲಿಟ್ಟು ಗಮನಿಸಿ. ಸಕ್ಕರೆ ಎಲ್ಲ ಕಡೆ ಒಟ್ಟಿಗೆ ಕರಗುವುದಿಲ್ಲ. ಬರ್ನರಿನ ಜ್ವಾಲೆ ಉಂಗುರದ ಆಕಾರದಲ್ಲಿ ಇರುತ್ತದೆ ಅಲ್ವಾ, ಸಕ್ಕರೆಯಲ್ಲೂ ಸರಿಯಾಗಿ ಅದೇ ಉಂಗುರ ಮೂಡುತ್ತದೆ. ಉಂಗುರದ ಜಾಗ ಕಂದು, ನಡುವೆ ಬಿಳಿ, ಹೊರಗೂ ಬಿಳಿ. ಬಿಳಿ ಭಾಗ ಕರಗಲಿ ಅಂತ ನಾವು ಕಾಯುತ್ತೇವೆ. ಅಷ್ಟರಲ್ಲಿ ಉಂಗುರ ಸೀಯುತ್ತದೆ. ಆಮೇಲೆ ಎಲ್ಲವನ್ನೂ ಕಲಸಿದರೆ ಒಟ್ಟಾರೆ ಬಣ್ಣ ತಾಮ್ರದಂತೆಯೇ ಕಾಣುತ್ತದೆ, ರುಚಿ ಮಾತ್ರ ಕಹಿ. ಬಣ್ಣ ಸರಿ ಇದ್ದೂ ಕಹಿ ಬಂತು ಅನ್ನುವವರ ಬಾಣಲೆಯಲ್ಲಿ ಸಾಮಾನ್ಯವಾಗಿ ಆಗಿರುವುದು ಇದು.

ಹಾಗಾಗಿ ದಪ್ಪ ತಳದ ಸ್ಟೀಲ್ ಬಾಣಲೆ ಬೇಕು. ದಪ್ಪ ತಳ ಬಿಸಿಯನ್ನು ತನ್ನೊಳಗೇ ಹರಡಿಕೊಂಡು ಮೇಲಕ್ಕೆ ಸಮವಾಗಿ ಕೊಡುತ್ತದೆ. ತಳ ಅಗಲವಾಗಿದ್ದರೆ ಇನ್ನೂ ಒಳ್ಳೆಯದು, ಸಕ್ಕರೆ ತೆಳ್ಳಗೆ ಹರಡುತ್ತದೆ. ಉರಿ ಸಣ್ಣದಕ್ಕಿಂತ ಸ್ವಲ್ಪ ಮೇಲೆ ಇರಲಿ. ಜ್ವಾಲೆ ಬಾಣಲೆಯ ಅಂಚು ದಾಟಬಾರದು, ದಾಟಿದರೆ ಗೋಡೆಗೆ ಅಂಟಿದ ಸಕ್ಕರೆ ಮೊದಲು ಸೀಯುತ್ತದೆ.

ಸಕ್ಕರೆಯ ಬಗ್ಗೆಯೂ ಒಂದು ಮಾತು. ಅಂಗಡಿಯ ಸಕ್ಕರೆಯ ಹರಳು ದಪ್ಪವಾಗಿದ್ದರೆ ಕರಗಲು ಹೊತ್ತು ಹಿಡಿಯುತ್ತದೆ. ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ಸಣ್ಣ ರವೆಯ ಹದಕ್ಕೆ ತಂದರೆ ಸಲೀಸು. ಪ್ಯಾಕೆಟ್ಟಿನಲ್ಲಿ ಬರುವ ಐಸಿಂಗ್ ಶುಗರ್ ಬೇಡ, ಅದರಲ್ಲಿ ಸಾಮಾನ್ಯವಾಗಿ ಜೋಳದ ಪಿಷ್ಟ ಬೆರೆಸಿರುತ್ತಾರೆ, ಆ ಹಿಟ್ಟು ಸೀದು ಹೋಗುತ್ತದೆ. ಬೆಲ್ಲವೂ ಈ ಕೆಲಸಕ್ಕೆ ಒದಗುವುದಿಲ್ಲ. ಬೆಲ್ಲದಲ್ಲಿ ಗ್ಲೂಕೋಸ್, ಫ್ರಕ್ಟೋಸ್, ಖನಿಜಾಂಶ ಎಲ್ಲ ಮೊದಲೇ ಇವೆ, ಬೇಗ ಸೀಯುತ್ತದೆ. ಹುಟ್ಟಿನಿಂದಲೇ ಕಂದು ಆದ್ದರಿಂದ ಹದವೂ ಕಣ್ಣಿಗೆ ಸಿಗುವುದಿಲ್ಲ.

100 ಗ್ರಾಂ ಸಕ್ಕರೆ, ಒಂದು ಪುಡ್ಡಿಂಗ್ ಅಚ್ಚು

ಆರು ಜನರ ಪುಡ್ಡಿಂಗಿಗೆ 100 ಗ್ರಾಂ ಸಕ್ಕರೆ ಸಾಕು. ಒಲೆ ಹಚ್ಚುವ ಮೊದಲೇ ಎಲ್ಲ ಕೈಗೆ ಸಿಗುವಂತೆ ಇರಬೇಕು, ಆಮೇಲೆ ಹುಡುಕಲು ಸಮಯ ಇರುವುದಿಲ್ಲ. ಅಚ್ಚನ್ನು ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತಿಟ್ಟು, ಒರೆಸಿ, ಪೂರ್ತಿ ಒಣಗಿಸಿ ಪಕ್ಕದಲ್ಲಿಡಿ. ತಣ್ಣಗಿನ ಅಚ್ಚಿಗೆ ಸುರಿದರೆ ಕ್ಯಾರಮೆಲ್ ತಳಕ್ಕೆ ಹರಡುವ ಮೊದಲೇ ಗಟ್ಟಿಯಾಗುತ್ತದೆ. ಒಂದು ಅಗಲ ಪಾತ್ರೆಯಲ್ಲಿ ಎರಡು ಬೆರಳು ಎತ್ತರಕ್ಕೆ ತಣ್ಣೀರು ತುಂಬಿಡಿ. ಬಿಳಿ ತಟ್ಟೆ ಇಟ್ಟಿರಿ. ಮಕ್ಕಳು ಆ ಹೊತ್ತಿಗೆ ಅಡುಗೆಮನೆಯಲ್ಲಿ ಬೇಡ.

ಬಾಣಲೆ ಒಲೆಯ ಮೇಲಿಟ್ಟು ಒಂದು ನಿಮಿಷ ಬಿಸಿ ಮಾಡಿ. ಎಲ್ಲ ಸಕ್ಕರೆಯನ್ನೂ ಒಮ್ಮೆಗೇ ಸುರಿಯಬೇಡಿ. ಮೊದಲು ಎರಡು ದೊಡ್ಡ ಚಮಚ, ಅಂದರೆ ಸುಮಾರು ಕಾಲು ಭಾಗ, ತಳ ಕಾಣದಷ್ಟು ತೆಳ್ಳಗೆ ಹರಡಿ. ಕಲಸಬೇಡಿ. ಒಂದೆರಡು ನಿಮಿಷಕ್ಕೆ ಅಲ್ಲಲ್ಲಿ ಒದ್ದೆಯಾದ ಹಾಗೆ ಕಾಣುತ್ತದೆ, ಆಮೇಲೆ ನೀರಿನ ಹನಿಯಂತೆ ಪಾರದರ್ಶಕ ಆಗುತ್ತದೆ. ಆಗ ಬಾಣಲೆಯ ಹಿಡಿ ಹಿಡಿದು ನಿಧಾನಕ್ಕೆ ವಾಲಿಸಿ, ಕರಗಿದ್ದು ಕರಗದ ಸಕ್ಕರೆಯ ಮೇಲೆ ಹರಿಯಲಿ. ಕರಗಿದ ಸಕ್ಕರೆಯೇ ಉಳಿದ ಸಕ್ಕರೆಗೆ ಬಿಸಿ ಕೊಡುತ್ತದೆ, ಬಾಣಲೆಯ ತಳಕ್ಕಿಂತ ಅದು ಹೆಚ್ಚು ಸಮವಾದ ಬಿಸಿ.

ಮೊದಲ ಕಂತು ಪೂರ್ತಿ ಕರಗಿ ಜೇನಿನ ಬಣ್ಣಕ್ಕೆ ತಿರುಗುವಾಗ ಎರಡನೆಯ ಕಂತನ್ನು ಅದರ ಮೇಲೆ ಉದುರಿಸಿ. ಹೊಸ ಸಕ್ಕರೆ ಬಿದ್ದ ಕೂಡಲೇ ಬಿಸಿ ಇಳಿಯುತ್ತದೆ, ಓಡುತ್ತಿದ್ದ ಬಣ್ಣ ನಿಲ್ಲುತ್ತದೆ. ಕುದಿಯುವ ಸಾರಿಗೆ ಒಂದು ಲೋಟ ತಣ್ಣೀರು ಹಾಕಿದರೆ ಕುದಿ ನಿಲ್ಲುವ ಹಾಗೆ. ಕಂತು ಕಂತಾಗಿ ಹಾಕುವುದರ ಲಾಭ ಇದೇ, ಪ್ರತಿ ಕಂತಿನಲ್ಲೂ ಬ್ರೇಕ್ ನಿಮ್ಮ ಕೈಯಲ್ಲಿರುತ್ತದೆ. ಮೂರನೆಯದು, ನಾಲ್ಕನೆಯದು ಹಾಗೇ ಹಾಕಿ. ಈಗ ಮರದ ಸೌಟಿನಿಂದ ಮೆಲ್ಲಗೆ ಸರಿಸಬಹುದು.

ಕೊನೆಯ ಕಂತು ಹಾಕಿದ ಮೇಲೆ ಉರಿ ತೀರಾ ಸಣ್ಣದು ಮಾಡಿ. ಕೊನೆಯ ಹರಳು ಕರಗಿತು ಅಂದರೆ ಬ್ರೇಕ್ ಹೋಯಿತು. ಇನ್ನು ಕಣ್ಣು ಎತ್ತಬೇಡಿ, ಫೋನ್ ರಿಂಗ್ ಆದರೂ ಬಿಡಿ. ನನ್ನ ಒಲೆಯಲ್ಲಿ ಇಲ್ಲಿಯವರೆಗೆ ಏಳೆಂಟು ನಿಮಿಷ ಆಗುತ್ತದೆ, ನಿಮ್ಮದರಲ್ಲಿ ಬೇರೆ ಇರಬಹುದು.

ಬೇಕಾದ ಬಣ್ಣಕ್ಕೆ ಮೊದಲೇ ಇಳಿಸಬೇಕು

ತಂಗಿಯ ಪುಡ್ಡಿಂಗಿಗೆ ಬರೋಣ. ಅವಳು ಬಾಣಲೆಯಲ್ಲಿ ಸರಿಯಾದ ಬಣ್ಣ ಬಂದ ಮೇಲೆ ಗ್ಯಾಸ್ ಆರಿಸಿದಳು. ಆಮೇಲೆ ಅಚ್ಚು ಹುಡುಕಿ ತೊಳೆದು ಒರೆಸಿದಳು. ಆ ಒಂದು ನಿಮಿಷ ಗ್ಯಾಸ್ ಆರಿತ್ತು ನಿಜ, ಬಾಣಲೆ ಆರಿರಲಿಲ್ಲ. ಒಗ್ಗರಣೆಯಲ್ಲಿ ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬಂದ ಮೇಲೆ ಗ್ಯಾಸ್ ಆರಿಸಿ ಹಾಗೇ ಬಿಟ್ಟರೆ ಎಣ್ಣೆಯ ಬಿಸಿಗೇ ಕಪ್ಪಾಗುತ್ತದೆ. ಇಲ್ಲೂ ಅದೇ ಆಗಿದ್ದು. ದಪ್ಪ ತಳದ ಬಾಣಲೆಯಲ್ಲಿ ಈ ಉಳಿಕೆ ಬಿಸಿ ಇನ್ನೂ ಜಾಸ್ತಿ. ತಾಮ್ರದ ಬಣ್ಣದಲ್ಲಿ ಆರಿಸಿದ ಕ್ಯಾರಮೆಲ್ ಒಲೆಯ ಮೇಲೇ ಇದ್ದರೆ ಹುಣಸೆ ಬೀಜ ದಾಟಿ ಮುಂದೆ ಹೋಗುತ್ತದೆ.

ಆದ್ದರಿಂದ ನಿಮಗೆ ಬೇಕಾದ ಬಣ್ಣಕ್ಕಿಂತ ಒಂದು ಮೆಟ್ಟಿಲು ಮೊದಲೇ ಬಾಣಲೆಯನ್ನು ಒಲೆಯಿಂದ ಎತ್ತಿ. ತಾಮ್ರದ ಬಣ್ಣ ಬಂದ ಕೂಡಲೇ ಎತ್ತಿ, ಕೈಯಲ್ಲೇ ಹಿಡಿದು ತಿರುಗಿಸುತ್ತಾ ಇರಿ, ಅದು ತಾನಾಗಿ ಗಾಢವಾಗುವುದು ಕಾಣುತ್ತದೆ. ಬಿಳಿ ತಟ್ಟೆಗೆ ಒಂದು ಹನಿ ಬಿಟ್ಟು ನೋಡಿ. ಸಾಕು ಅನಿಸಿದರೆ ಕೂಡಲೇ ಅಚ್ಚಿಗೆ ಸುರಿದು, ಅಚ್ಚನ್ನು ಬಟ್ಟೆಯಿಂದ ಹಿಡಿದು ವಾಲಿಸಿ ತಳಕ್ಕೆಲ್ಲ ಹರಡಿ. ಓಡುತ್ತಿದೆ ಅನಿಸಿದರೆ ಬಾಣಲೆಯ ತಳವನ್ನು ಆ ತಣ್ಣೀರಿನ ಪಾತ್ರೆಯಲ್ಲಿ ಮೂರು ಸೆಕೆಂಡು ಇಳಿಸಿ. ಚುಂಯ್ ಅಂತ ಸದ್ದಾಗುತ್ತದೆ, ಬಣ್ಣ ಅಲ್ಲೇ ನಿಲ್ಲುತ್ತದೆ. ನೀರು ಬಾಣಲೆಯ ಒಳಗೆ ಹಾರಬಾರದು, ಹಾರಿದರೆ ಕ್ಯಾರಮೆಲ್ ಸಿಡಿಯುತ್ತದೆ. ಹೆಚ್ಚು ಹೊತ್ತು ಇಟ್ಟರೆ ಬಾಣಲೆಯಲ್ಲೇ ಗಟ್ಟಿಯಾಗುತ್ತದೆ, ಆಗ ಸಣ್ಣ ಉರಿಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿದರೆ ಮತ್ತೆ ಹರಿಯುತ್ತದೆ.

ಅಚ್ಚಿನಲ್ಲಿ ಕ್ಯಾರಮೆಲ್ ಕೆಲವೇ ನಿಮಿಷಕ್ಕೆ ಗಾಜಿನಂತೆ ಗಟ್ಟಿಯಾಗುತ್ತದೆ. ತಣ್ಣಗಾಗುವಾಗ ಟಿಕ್ ಟಿಕ್ ಅಂತ ಬಿರುಕು ಬಿಡುವ ಸದ್ದು ಕೇಳಿಸಬಹುದು, ತಪ್ಪೇನೂ ಆಗಿಲ್ಲ. ಮೇಲೆ ಕಸ್ಟರ್ಡ್ ಸುರಿದು ಬೇಯಿಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟಾಗ ಕಸ್ಟರ್ಡಿನ ತೇವಕ್ಕೆ ಆ ಗಾಜು ನಿಧಾನಕ್ಕೆ ಕರಗಿ ರಸವಾಗುತ್ತದೆ. ಮರುದಿನ ಬೋರಲು ಹಾಕಿದಾಗ ಸುತ್ತಲೂ ಇಳಿಯುವ ಕಂದು ರಸ ಅದೇ. ಅವತ್ತೇ ಮಾಡಿ ಅವತ್ತೇ ತಿಂದರೆ ಅರ್ಧ ಕ್ಯಾರಮೆಲ್ ಅಚ್ಚಿನ ತಳದಲ್ಲೇ ಅಂಟಿಕೊಂಡಿರುತ್ತದೆ.

ಗಂಟು ಕಟ್ಟಿದರೆ

ಕಲಸುವಾಗ ಅರ್ಧ ಕರಗಿದ ಸಕ್ಕರೆ ಹರಳುಗಳಿಗೆ ಅಂಟಿ ಗಂಟಾಗುವುದುಂಟು. ಕೆಟ್ಟೇ ಹೋಯಿತು ಅಂತ ಉರಿ ದೊಡ್ಡದು ಮಾಡಬೇಡಿ. ಗಂಟು ಕರಗುವಷ್ಟರಲ್ಲಿ ಸುತ್ತಲಿನದು ಸೀದಿರುತ್ತದೆ. ಉರಿ ಪೂರ್ತಿ ತಗ್ಗಿಸಿ, ಗಂಟುಗಳನ್ನು ಕರಗಿದ ಭಾಗದೊಳಗೆ ತಳ್ಳಿ ಸುಮ್ನೆ ಬಿಡಿ. ಬಣ್ಣ ಆಗಲೇ ತಾಮ್ರಕ್ಕೆ ಬಂದಿದ್ದರೆ ಒಲೆಯಿಂದ ಇಳಿಸಿಯೇ ಬಿಡಿ, ಇದ್ದ ಬಿಸಿಯಲ್ಲಿ ಚಿಕ್ಕ ಗಂಟುಗಳು ಕರಗುತ್ತವೆ. ಎರಡು ಮೂರು ಉಳಿದರೆ ಚಮಚದಲ್ಲಿ ತೆಗೆದುಹಾಕಿ. ಗಂಟಿಗೆ ಕಾದು ಇಡೀ ಬಾಣಲೆ ಕಳೆದುಕೊಳ್ಳುವುದಕ್ಕಿಂತ ಅದು ಮೇಲು.

ಪ್ಲಮ್ ಕೇಕಿನ ಸಿರಪ್ಪಿಗೆ

ಕ್ರಿಸ್‌ಮಸ್ ಕೇಕಿಗೆ ಬಣ್ಣ ಕೊಡುವ ಸಿರಪ್ ಕೂಡ ಇದೇ ಕ್ಯಾರಮೆಲ್. ಅಲ್ಲಿ ಹುಣಸೆ ಬೀಜದ ಬಣ್ಣ ದಾಟಿ ಡಿಕಾಕ್ಷನ್ ಬಣ್ಣದ ಹೊಸ್ತಿಲವರೆಗೆ ಹೋಗುತ್ತಾರೆ. ಹಿಟ್ಟು, ಬೆಣ್ಣೆ, ಒಣಹಣ್ಣುಗಳ ಜೊತೆ ಆ ಕಹಿ ಹಂಚಿಹೋಗುತ್ತದೆ. ನಿಲ್ಲಿಸುವ ರೀತಿ ಮಾತ್ರ ಬೇರೆ, ನೀರು ಹಾಕಿ ನಿಲ್ಲಿಸುವುದು. 100 ಗ್ರಾಂ ಸಕ್ಕರೆಗೆ ಸುಮಾರು 60 ಮಿಲಿಲೀಟರ್ ಕುದಿಯುವ ನೀರು.

ಇಲ್ಲಿ ತುಂಬಾ ಹುಷಾರಾಗಿರಬೇಕು. ನೀರು ಕುದಿಯುವುದು 100 ಡಿಗ್ರಿಯಲ್ಲಿ, ಬಾಣಲೆಯಲ್ಲಿರುವುದು 190 ಡಿಗ್ರಿಯ ಸಕ್ಕರೆ. ಬಿದ್ದ ನೀರು ಆ ಕ್ಷಣವೇ ಆವಿಯಾಗಿ ಸಕ್ಕರೆಯನ್ನು ಮೇಲಕ್ಕೆ ಸಿಡಿಸುತ್ತದೆ. ತಣ್ಣೀರಾದರೆ ಸಿಡಿತ ಇನ್ನೂ ಜೋರು. ಎತ್ತರದ ಗೋಡೆಯ ಪಾತ್ರೆ ಬಳಸಿ, ಒಲೆ ಆರಿಸಿ, ತೋಳು ಮುಚ್ಚುವ ಬಟ್ಟೆ ಹಾಕಿಕೊಂಡು, ಮುಖ ದೂರ ಇಟ್ಟು ಚಮಚ ಚಮಚವಾಗಿ ಸುರಿಯಿರಿ. ಕ್ಯಾರಮೆಲ್ ಗಟ್ಟಿ ಮುದ್ದೆಯಾದರೆ ಗಾಬರಿ ಬೇಡ, ಸಣ್ಣ ಉರಿಯಲ್ಲಿ ಎರಡು ನಿಮಿಷ ಕುದಿಸಿದರೆ ಕರಗುತ್ತದೆ. ಕೈಗೆ ಸಿಡಿದರೆ ಅದು ಎಣ್ಣೆಯಂತೆ ಜಾರಿಹೋಗುವುದಿಲ್ಲ, ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಕೀಳಲು ಹೋಗದೆ ಕೂಡಲೇ ನಲ್ಲಿ ನೀರಿನ ಕೆಳಗೆ ಇಪ್ಪತ್ತು ನಿಮಿಷ ಕೈ ಹಿಡಿಯಿರಿ. ಐಸ್, ಟೂತ್‌ಪೇಸ್ಟ್ ಹಚ್ಚಬೇಡಿ. ಗುಳ್ಳೆ ದೊಡ್ಡದಾದರೆ ಡಾಕ್ಟರಿಗೆ ತೋರಿಸಿ.

ಸೀದದ್ದನ್ನು ಸರಿಮಾಡಬಹುದಾ?

ಆಗುವುದಿಲ್ಲ. ಇನ್ನಷ್ಟು ಸಕ್ಕರೆ ಹಾಕಿದರೆ ಸಿಹಿ ಏರುತ್ತದೆ, ಕಹಿ ಇದ್ದಲ್ಲೇ ಇರುತ್ತದೆ. ಹಾಲು, ಬೆಣ್ಣೆ ಸೇರಿಸಿದರೆ ಕಹಿ ಸ್ವಲ್ಪ ಮರೆಯಾಗಬಹುದು, ಆದರೆ ಸೀದ ವಾಸನೆ ಹೋಗುವುದಿಲ್ಲ, ಜೊತೆಗೆ ಒಳ್ಳೆಯ ಹಾಲೂ ದಂಡ. ಬಿಳಿ ತಟ್ಟೆಯ ಹನಿ ತಣ್ಣಗಾದ ಮೇಲೆ ಬಾಯಲ್ಲಿಟ್ಟು ನೋಡಿ. ಕಾಫಿಯಂತೆ ಕಹಿ ಬಂದು ಆಮೇಲೆ ಸಿಹಿ ಉಳಿದರೆ ಬಳಸಬಹುದು. ನಾಲಿಗೆಯ ಹಿಂಭಾಗದಲ್ಲಿ ಕಹಿಯೇ ನಿಂತು ಗಂಟಲು ಕೆರೆದರೆ ಚೆಲ್ಲಿ, ಮತ್ತೆ 100 ಗ್ರಾಂ ಸಕ್ಕರೆ ತಗೊಳ್ಳಿ.

ಬಾಣಲೆಯನ್ನು ಉಜ್ಜಿ ಕೈ ನೋಯಿಸಿಕೊಳ್ಳಬೇಕಾಗಿಲ್ಲ. ಅದು ತಣ್ಣಗಾದ ಮೇಲೆ ನೀರು ತುಂಬಿ, ಸೌಟನ್ನೂ ಅದರಲ್ಲೇ ಇಟ್ಟು ಹತ್ತು ನಿಮಿಷ ಕುದಿಸಿ. ಕ್ಯಾರಮೆಲ್ ನೀರಿನಲ್ಲಿ ಕರಗುವಂಥದ್ದು, ತಾನಾಗಿ ಬಿಡುತ್ತದೆ. ಹಾಗೆ ಕುದಿಸಿದ ಮೇಲೂ ಕಪ್ಪು ಕಲೆ ತಳದಲ್ಲಿ ಉಳಿದಿದ್ದರೆ ಅದು ಇದ್ದಿಲಾದ ಸಕ್ಕರೆ. ಎಲ್ಲಿ ಉಳಿದಿದೆ ನೋಡಿ. ಉಂಗುರದ ಆಕಾರದಲ್ಲಿ ಇದ್ದರೆ ಉರಿ ಜಾಸ್ತಿಯಾಗಿತ್ತು, ಗೋಡೆಯಲ್ಲಿ ಇದ್ದರೆ ಜ್ವಾಲೆ ಅಂಚು ದಾಟಿತ್ತು.